ನಿವೃತ್ತ ಮೇಷ್ಟ್ರ ಬರಹಕ್ಕೆ ಯಾವ ಬ್ಲಾಗು? ಬ್ಲಾಗರ್, ವರ್ಡ್‌ಪ್ರೆಸ್, ಸಬ್‌ಸ್ಟ್ಯಾಕ್ ತೂಗಿ ನೋಡಿದಾಗ

ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರಿಗೆ ಬರೆಯಲು ವಿಷಯದ ಕೊರತೆ ಇರುವುದಿಲ್ಲ. ಅವರು ಕೇಳುವುದು ಇಷ್ಟೇ: ವಾರಕ್ಕೊಂದು ಲೇಖನ ಹಾಕಬೇಕು, ನಾಲ್ಕು ಜನ ಓದಬೇಕು, ಮಿಕ್ಕ ತಾಂತ್ರಿಕ ಕೆಲಸ ನನ್ನ ತಲೆಗೆ ಕಟ್ಟಬೇಡಿ. ಮನೆಯ ಮಕ್ಕಳು ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಹಿರಿಯರು ಗೊಂದಲಕ್ಕೆ ಬಿದ್ದು ಕೊನೆಗೆ ವಾಟ್ಸ್‌ಆ್ಯಪ್ ಗುಂಪಿನಲ್ಲೇ ಉದ್ದುದ್ದ ಬರೆದು ಹಾಕುತ್ತಾರೆ. ಮೂರು ದಿನ ಕಳೆದರೆ ಆ ಬರಹ ಶುಭೋದಯದ ಚಿತ್ರಗಳ ಅಡಿಯಲ್ಲಿ ಎಲ್ಲೋ ಹೂತುಹೋಗಿರುತ್ತದೆ.

ಮಾತು ಗಾಳಿಯಲ್ಲಿ ಹೋಗದಿರಲೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ತಿಪಟೂರು ಕಡೆಯ ಸಮಾಜ ವಿಜ್ಞಾನದ ಮೇಷ್ಟ್ರು, ವಯಸ್ಸು 63. ಕೈಯಲ್ಲಿ ಆಂಡ್ರಾಯ್ಡ್ ಫೋನು, ಮನೆಯಲ್ಲಿ ಮಗಳು ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪು. ವಾರಕ್ಕೆ 700–800 ಪದಗಳ ಒಂದು ಲೇಖನ, ಜೊತೆಗೆ ಒಂದೆರಡು ಫೋಟೊ. ಓದುವವರು ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿನವರು, ಊರಿನವರು, ಹೊರದೇಶದಲ್ಲಿರುವ ಕೆಲವು ಶಿಷ್ಯರು. ಇದಲ್ಲದೆ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ನಲವತ್ತು ಹಳೆಯ ಲೇಖನಗಳು ಲ್ಯಾಪ್‌ಟಾಪಿನಲ್ಲಿವೆ.

## ಮೊದಲು ಅಳತೆಗೋಲು

ಇಂಥವರಿಗೆ ಬ್ಲಾಗು ಆರಿಸುವಾಗ ಪುಟಕ್ಕೆ ಅಂದ ಕೊಡುವ ಥೀಮ್ ಎಷ್ಟು ಚೆಂದ, ಹೆಚ್ಚಿನ ಸೌಲಭ್ಯ ಸೇರಿಸುವ ಪ್ಲಗಿನ್ ಎಷ್ಟಿವೆ ಎಂಬ ಲೆಕ್ಕ ಬೇಕಿಲ್ಲ. ನಾಲ್ಕು ಪ್ರಶ್ನೆ ಸಾಕು.

ಒಂದು, ಬರೆದು ಮುಗಿದ ಮೇಲೆ ಪ್ರಕಟವಾಗುವ ತನಕ ಎಷ್ಟು ಹೆಜ್ಜೆ, ಮತ್ತು ಆ ಹೆಜ್ಜೆಗಳು ಪ್ರತಿ ವಾರವೂ ಒಂದೇ ಥರ ಇರುತ್ತವೆಯೇ. ಎರಡು, ಓದುಗರನ್ನು ಅದು ಹೇಗೆ ತಲುಪುತ್ತದೆ: ವಾಟ್ಸ್‌ಆ್ಯಪ್‌ನಲ್ಲಿ ಹಂಚಿದ ಕೊಂಡಿಯಿಂದಲೋ, ಇಮೇಲಿನಿಂದಲೋ. ಮೂರು, ಹಣ ಕಟ್ಟುವುದು ತಪ್ಪಿದರೆ, ಅಥವಾ ಆರೋಗ್ಯ ಕೆಟ್ಟು ಒಂದಷ್ಟು ಕಾಲ ಬರೆಯಲಾಗದಿದ್ದರೆ, ಹಾಕಿದ್ದೆಲ್ಲ ಉಳಿಯುತ್ತದೆಯೇ. ನಾಲ್ಕು, ನಾಳೆ ಬೇರೆಡೆಗೆ ಹೋಗಬೇಕಾದರೆ ಬರೆದದ್ದನ್ನೆಲ್ಲ ಕಡತವಾಗಿ ಹೊರಗೆ ತೆಗೆಯಬಹುದೇ.

ಜನ ಮೊದಲನೆಯದನ್ನೇ ಹೆಚ್ಚು ಕೇಳುತ್ತಾರೆ. ಅದು ಹದಿನೈದು ದಿನದಲ್ಲಿ ಅಭ್ಯಾಸವಾಗಿಬಿಡುತ್ತದೆ. ಐದು ವರ್ಷದ ನಂತರ ನೋವು ಕೊಡುವುದು ಮೂರನೆಯದು ಮತ್ತು ನಾಲ್ಕನೆಯದು, ಹಾಗಾಗಿ ನನ್ನ ತೂಕ ಆ ಕಡೆಗೇ ವಾಲುತ್ತದೆ.

## ಪಟ್ಟಿಯಿಂದ ಮೊದಲೇ ತೆಗೆಯಬಹುದಾದವು

ಸ್ವಂತ ಹೋಸ್ಟಿಂಗ್ ಕೊಂಡು ವರ್ಡ್‌ಪ್ರೆಸ್ ಹಾಕಿಕೊಳ್ಳುವುದು ಬೇಡ. ಇದು wordpress.org ದಾರಿ. ತಂತ್ರಾಂಶ ಉಚಿತವೇ, ಆದರೆ ಅದನ್ನು ಇಡುವ ಸರ್ವರಿಗೆ ವರ್ಷವರ್ಷ ಬಾಡಿಗೆ, ತಾಣದ ಹೆಸರಿಗೆ ಬೇರೆ ಬಾಡಿಗೆ. ಪ್ಲಗಿನ್‌ಗಳನ್ನು ಆಗಾಗ ಅಪ್‌ಡೇಟ್ ಮಾಡದಿದ್ದರೆ ಯಾರೋ ಒಳನುಗ್ಗಿ ಜೂಜಿನ ಜಾಹೀರಾತು ತುಂಬುತ್ತಾರೆ. ಬಾಡಿಗೆ ಕಟ್ಟುವುದು ತಪ್ಪಿದರೆ ತಾಣವೇ ಕಾಣೆಯಾಗುತ್ತದೆ. ನೋಡಿಕೊಳ್ಳಲು ಮನೆಯಲ್ಲಿ ಬಲ್ಲವರಿದ್ದಾರೆ ಎಂಬುದು ಸಾಲದು, ಹತ್ತು ವರ್ಷವೂ ಅವರಿಗೆ ಪುರುಸೊತ್ತು ಇರಬೇಕು.

ಫೇಸ್‌ಬುಕ್ ಹಂಚಲು ಒಳ್ಳೆಯದು, ಕೂಡಿಡಲು ಅಲ್ಲ. ಉದ್ದ ಬರಹಗಳಿಗೆಂದೇ ಅದರಲ್ಲಿ ನೋಟ್ಸ್ ಎಂಬ ಭಾಗವಿತ್ತು, ಎಷ್ಟೋ ಕನ್ನಡಿಗರು ಅಲ್ಲಿ ಲೇಖನ ಬರೆಯುತ್ತಿದ್ದರು. 2020ರ ಅಕ್ಟೋಬರ್ ಕೊನೆಗೆ ಅದರಲ್ಲಿ ಹೊಸದಾಗಿ ಬರೆಯುವ ಬಾಗಿಲನ್ನೇ ಮುಚ್ಚಿದರು. ಮೂರು ವರ್ಷದ ಹಿಂದೆ ನೀವೇ ಹಾಕಿದ ಪೋಸ್ಟನ್ನು ಹುಡುಕಿ ನೋಡಿ, ಕಷ್ಟ ತಿಳಿಯುತ್ತದೆ.

ಮೀಡಿಯಂ ಎಂಬ ಬ್ಲಾಗು ತಾಣದ ಬರೆಯುವ ಪುಟ ಅಚ್ಚುಕಟ್ಟಾಗಿದೆ. ಆದರೆ ಓದಲು ಬಂದವರನ್ನು ಲಾಗಿನ್ ಆಗಿ, ಸದಸ್ಯರಾಗಿ ಎಂದು ಇಂಗ್ಲಿಷಿನಲ್ಲಿ ಒತ್ತಾಯಿಸುತ್ತದೆ. ಊರಿನ ಓದುಗ ಅಲ್ಲಿಂದಲೇ ವಾಪಸ್ಸಾಗುತ್ತಾನೆ.

ಪ್ರತಿಲಿಪಿಯ ಮಾತು ಬೇರೆ. ಬೆಂಗಳೂರಿನ ಸಂಸ್ಥೆ, ಕನ್ನಡದಲ್ಲೇ ಆ್ಯಪ್ ಇದೆ, ಓದುಗರು ಮೊದಲೇ ಅಲ್ಲಿದ್ದಾರೆ. ಕಥೆ, ಧಾರಾವಾಹಿ ಬರೆಯುವ ಮೇಷ್ಟ್ರಾದರೆ ಖಂಡಿತ ನೋಡಬೇಕು. ಕೆರೆ, ಶಾಸನ, ಪಾಠ ಹೇಳುವ ವಿಧಾನ ಎಂದು ಬರೆಯುವವರಿಗೆ ಅದು ಹೊಂದುವುದಿಲ್ಲ, ಅಲ್ಲಿಗೆ ಬರುವ ಹೆಚ್ಚಿನವರು ಹುಡುಕಿಕೊಂಡು ಬರುವುದು ಕಥೆಯನ್ನು. ಬೇಕಿದ್ದರೆ ಎರಡನೆಯ ಜಾಗವಾಗಿ ಇರಲಿ, ಮೂಲ ಪ್ರತಿ ಬೇರೆಡೆ ಇರಲಿ.

ಉಳಿದವು ಮೂರು: ಗೂಗಲ್‌ನ ಬ್ಲಾಗರ್, wordpress.com, ಸಬ್‌ಸ್ಟ್ಯಾಕ್.

## ಬ್ಲಾಗರ್: ಹಳೆಯದು, ಗಟ್ಟಿ, ಮುಖ್ಯವಾಗಿ ಬಿಟ್ಟಿ

1999ರಲ್ಲಿ ಶುರುವಾದ ಬ್ಲಾಗರ್ ಅನ್ನು 2003ರಲ್ಲಿ ಗೂಗಲ್ ಕೊಂಡಿತು. ಕನ್ನಡದ ಮೊದಲ ತಲೆಮಾರಿನ ಬ್ಲಾಗುಗಳಲ್ಲಿ ಬಹಳಷ್ಟು ಇಲ್ಲೇ ಹುಟ್ಟಿದವು. ಜಿಮೇಲ್ ಖಾತೆಯೊಂದಿದ್ದರೆ ಸಾಕು, blogspot.com ವಿಳಾಸ ಉಚಿತವಾಗಿ ಸಿಗುತ್ತದೆ. ನೀವಾಗಿ ಹಾಕಿಕೊಳ್ಳದ ಹೊರತು ಪುಟದಲ್ಲಿ ಜಾಹೀರಾತು ಬರುವುದಿಲ್ಲ. ವರ್ಷಕ್ಕೊಮ್ಮೆ ನವೀಕರಿಸಬೇಕಾದ್ದು ಏನೂ ಇಲ್ಲ. ಪಿಂಚಣಿಯಲ್ಲಿ ಬದುಕುವವರಿಗೆ ಈ ಕೊನೆಯ ಮಾತು ದೊಡ್ಡದು: ಮರೆತರೆ ಮುಳುಗುವಂಥ ಬಿಲ್ಲು ಇಲ್ಲ.

ಬರೆಯುವ ಪುಟ ಹಳೆಯ ವರ್ಡ್ ಪುಟದಂತೆಯೇ ಇದೆ. ಮೇಲೆ ಶೀರ್ಷಿಕೆ, ಕೆಳಗೆ ಬರಹ, ಬಲಗಡೆ ಕೆಲವು ಆಯ್ಕೆಗಳು, ಮೇಲಿನ ಮೂಲೆಯಲ್ಲಿ Publish ಗುಂಡಿ. ಅಷ್ಟೇ. ಒಂದೇ ಸಲ ನಾಲ್ಕು ಲೇಖನ ಬರೆದಿಟ್ಟು ಪ್ರತಿ ಭಾನುವಾರ ಬೆಳಗ್ಗೆ ಆರಕ್ಕೆ ಒಂದೊಂದು ತಾನೇ ಪ್ರಕಟವಾಗುವಂತೆ ದಿನಾಂಕ ಕೊಟ್ಟಿಡಬಹುದು.

ತೊಂದರೆ ಎಲ್ಲೆಲ್ಲಿ? ಮೊದಲನೆಯದು ಕನ್ನಡಕ್ಕೇ ಅಂಟಿಕೊಂಡದ್ದು. ಶೀರ್ಷಿಕೆ ಇಂಗ್ಲಿಷಿನಲ್ಲಿದ್ದರೆ ಬ್ಲಾಗರ್ ಅದರಿಂದಲೇ ಲೇಖನದ ವಿಳಾಸ ಕಟ್ಟುತ್ತದೆ. ಕನ್ನಡ ಶೀರ್ಷಿಕೆಯಿಂದ ಅದಕ್ಕೆ ವಿಳಾಸ ಮಾಡಲು ಬಾರದು, ಹಾಗಾಗಿ ಎಲ್ಲ ಲೇಖನಕ್ಕೂ blog-post ಎಂದೇ ಹೆಸರಿಟ್ಟು ಮುಂದೆ ಅಂಕಿ ಸೇರಿಸುತ್ತದೆ. ಪ್ರಕಟಿಸುವ ಮೊದಲು ಬಲಗಡೆಯ Permalink ತೆರೆದು Custom Permalink ಆರಿಸಿ, ಇಂಗ್ಲಿಷ್ ಅಕ್ಷರದಲ್ಲಿ ಎರಡು ಪದ ಬರೆದರೆ ವಿಳಾಸ ಓದುವಂತಾಗುತ್ತದೆ. ವ್ಯತ್ಯಾಸ ಹೀಗೆ:

```
nimmahesaru.blogspot.com/2025/06/blog-post_14.html
nimmahesaru.blogspot.com/2025/06/kereya-kathe.html
```

ಪ್ರಕಟಿಸಿದ ಮೇಲೆ ನೆನಪಾದರೆ ಲೇಖನವನ್ನು ಮತ್ತೆ ಡ್ರಾಫ್ಟಿಗೆ ತಂದು ಬದಲಿಸಬೇಕಾಗುತ್ತದೆ, ಆಗ ಮೊದಲು ಹಂಚಿದ ಕೊಂಡಿ ಸತ್ತುಹೋಗುತ್ತದೆ. ಆದ್ದರಿಂದ ಇದು ಪ್ರತಿ ವಾರದ ಒಂದು ಹೆಜ್ಜೆಯಾಗಿ ರೂಢಿಯಾಗಲಿ.

ಎರಡನೆಯದು, ವರ್ಡ್‌ನಿಂದಲೋ ಗೂಗಲ್ ಡಾಕ್ಸ್‌ನಿಂದಲೋ ನಕಲಿಸಿ ತಂದ ಬರಹ. ಅಲ್ಲಿನ ಅಕ್ಷರದ ಗಾತ್ರ, ಬಣ್ಣ, ಸಾಲಿನ ಅಂತರ ಎಲ್ಲವೂ ಅಂಟಿಕೊಂಡೇ ಬರುತ್ತವೆ. ಬರೆಯುವ ಪುಟದಲ್ಲಿ ಸರಿಯಾಗಿ ಕಂಡದ್ದು ಓದುಗರ ಫೋನಿನಲ್ಲಿ ಒಂದು ಪ್ಯಾರಾ ದೊಡ್ಡ ಅಕ್ಷರ, ಇನ್ನೊಂದು ಸಣ್ಣ ಅಕ್ಷರವಾಗಿ ಕಾಣುವುದು ಇದರಿಂದಲೇ. ಕಂಪ್ಯೂಟರಿನಲ್ಲಿ Ctrl+Shift+V ಒತ್ತಿ ಅಂಟಿಸಿದರೆ, ಫೋನಿನಲ್ಲಿ ಬೆರಳು ಒತ್ತಿಹಿಡಿದು Paste as plain text ಆರಿಸಿದರೆ, ಬರೀ ಅಕ್ಷರಗಳು ಮಾತ್ರ ಬರುತ್ತವೆ. ದಪ್ಪಕ್ಷರ, ಉಪಶೀರ್ಷಿಕೆಗಳನ್ನು ಆಮೇಲೆ ಇಲ್ಲೇ ಹಾಕಿಕೊಳ್ಳಬೇಕು.

ಮೂರನೆಯದು ನಿಜವಾದ ಕೊರತೆ. ಹೊಸ ಲೇಖನ ಬಂದಾಗ ಓದುಗರಿಗೆ ಇಮೇಲ್ ಕಳಿಸುವ ವ್ಯವಸ್ಥೆ ಬ್ಲಾಗರ್‌ನಲ್ಲಿ ಮೊದಲಿತ್ತು, 2021ರಲ್ಲಿ ಅದನ್ನು ನಿಲ್ಲಿಸಿದರು. ಈಗ ಕೊಂಡಿಯನ್ನು ನೀವೇ ಹಂಚಬೇಕು. ಓದುಗರೆಲ್ಲ ವಾಟ್ಸ್‌ಆ್ಯಪ್‌ನಲ್ಲಿದ್ದರೆ ಇದು ಕೊರತೆಯೆಂದು ಅನಿಸುವುದೇ ಇಲ್ಲ. ಕೊಂಡಿ ಅಂಟಿಸಿದಾಗ ಶೀರ್ಷಿಕೆಯೂ ಚಿತ್ರವೂ ಕಾಣಬೇಕಾದರೆ ಲೇಖನದಲ್ಲಿ ಒಂದಾದರೂ ಫೋಟೊ ಇರಲಿ. ಬರೀ ನೀಲಿ ಸಾಲನ್ನು ಒತ್ತುವವರು ಕಡಿಮೆ.

## wordpress.com: ಸೌಕರ್ಯ ಹೆಚ್ಚು, ಕಣ್ಣಿಗೆ ಬೀಳುವ ಗುಂಡಿಗಳೂ ಹೆಚ್ಚು

ಇದು ಮೇಲೆ ಬೇಡವೆಂದ ಸ್ವಂತ ಹೋಸ್ಟಿಂಗ್ ಅಲ್ಲ. ತಂತ್ರಾಂಶ ಅದೇ, ಆದರೆ ಸರ್ವರು, ಭದ್ರತೆ, ಅಪ್‌ಡೇಟು ಎಲ್ಲವನ್ನೂ ಕಂಪನಿಯೇ ನೋಡಿಕೊಳ್ಳುತ್ತದೆ. ಎರಡನ್ನೂ ಜನ ವರ್ಡ್‌ಪ್ರೆಸ್ ಎಂದೇ ಕರೆಯುವುದರಿಂದ, ಮಕ್ಕಳು ಹೇಳುತ್ತಿರುವುದು ಯಾವುದನ್ನು ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ಉಚಿತ ಖಾತೆಯಲ್ಲಿ ವಿಳಾಸ wordpress.com ಎಂದು ಮುಗಿಯುತ್ತದೆ, ಪುಟದಲ್ಲಿ ಅವರ ಜಾಹೀರಾತು ಬರುತ್ತದೆ, ಚಿತ್ರಗಳಿಗೆ ಜಾಗವೂ ಮಿತಿಯಲ್ಲೇ. ಫೋನಿನ ಕ್ಯಾಮೆರಾದಿಂದ ನೇರ ಹಾಕಿದ ಒಂದೊಂದು ಫೋಟೊ 3–4 ಎಂಬಿ ಇರುತ್ತದೆ, ಆದ್ದರಿಂದ ವಾಟ್ಸ್‌ಆ್ಯಪ್‌ನಲ್ಲಿ ತಮಗೇ ಕಳಿಸಿಕೊಂಡು ಚಿಕ್ಕದಾದ ಪ್ರತಿಯನ್ನು ಹಾಕುವುದು ಸುಲಭದ ಉಪಾಯ. ವರ್ಷಕ್ಕೆ ಹಣ ಕಟ್ಟಿದರೆ ಜಾಹೀರಾತು ಹೋಗುತ್ತದೆ, ಸ್ವಂತ ಹೆಸರಿನ ವಿಳಾಸ ಇಟ್ಟುಕೊಳ್ಳಬಹುದು. ಕಟ್ಟುವುದನ್ನು ಮುಂದೆ ನಿಲ್ಲಿಸಿದರೂ ಬರಹ ಅಳಿಯುವುದಿಲ್ಲ, ತಾಣ ಉಚಿತ ಖಾತೆಗೆ ಇಳಿಯುತ್ತದೆ. ಸ್ವಂತ ಹೋಸ್ಟಿಂಗಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ.

ಇದರ ದೊಡ್ಡ ಗುಣ, ಓದುಗರು ಇಮೇಲ್ ಕೊಟ್ಟರೆ ಹೊಸ ಲೇಖನ ತಾನಾಗಿ ಅವರಿಗೆ ಹೋಗುತ್ತದೆ. ಉಚಿತ ಖಾತೆಯಲ್ಲೂ ಇದು ಉಂಟು. ವರ್ಡ್‌ನಿಂದ ಅಂಟಿಸಿದ ಬರಹವನ್ನೂ ಬ್ಲಾಗರ್‌ಗಿಂತ ಚೆನ್ನಾಗಿ ಶುದ್ಧ ಮಾಡಿಕೊಳ್ಳುತ್ತದೆ.

ಹಿರಿಯರು ಎಡವುವುದು ಇದರ ಬರೆಯುವ ಪುಟದಲ್ಲಿ. ಇಲ್ಲಿ ಪ್ರತಿ ಪ್ಯಾರಾವೂ ಒಂದು ಬ್ಲಾಕ್. ಎಂಟರ್ ಒತ್ತಿದರೆ ಹೊಸ ಬ್ಲಾಕ್ ಹುಟ್ಟುತ್ತದೆ, ಅದರ ನೆತ್ತಿಯ ಮೇಲೆ ಗುಂಡಿಗಳ ಪಟ್ಟಿ ತೇಲುತ್ತದೆ. ಬೆರಳು ತಾಗಿ ಪ್ಯಾರಾ ಮೇಲಕ್ಕೋ ಕೆಳಕ್ಕೋ ಸರಿದುಬಿಡುತ್ತದೆ, ಎಲ್ಲಿ ಹೋಯಿತೆಂದು ತಿಳಿಯದೆ ಗಾಬರಿಯಾಗುತ್ತದೆ. ಇಷ್ಟು ಮಾತ್ರ ಕಲಿಸಿ: ಏನಾದರೂ ಕೈತಪ್ಪಿದರೆ ಮೇಲಿನ ಹಿಂದಕ್ಕೆ ಬಾಗಿದ ಬಾಣವನ್ನು ಒತ್ತುವುದು. ಒಳಗೆ ಹೋದಾಗಲೆಲ್ಲ ಹಣ ಕಟ್ಟಿ ಮೇಲ್ದರ್ಜೆಗೆ ಬನ್ನಿ ಎಂಬ ಆಹ್ವಾನವೂ ಕಾಣುತ್ತದೆ. ಅದು ಕಡ್ಡಾಯವೆಂದು ತಿಳಿದು ಕೆಲವರು ಬರೆಯುವುದನ್ನೇ ನಿಲ್ಲಿಸುತ್ತಾರೆ, ಹಾಗಾಗಿ ಮೊದಲ ದಿನವೇ ಬಿಡಿಸಿ ಹೇಳಿಬಿಡಬೇಕು.

ವಿಳಾಸದ ತೊಡಕು ಇಲ್ಲಿ ತದ್ವಿರುದ್ಧ. ವರ್ಡ್‌ಪ್ರೆಸ್ ಕನ್ನಡ ಶೀರ್ಷಿಕೆಯನ್ನು ಹಾಗೆಯೇ ವಿಳಾಸವಾಗಿಸುತ್ತದೆ. ಬ್ರೌಸರಿನಲ್ಲಿ ಕನ್ನಡದಲ್ಲೇ ಕಂಡರೂ ನಕಲಿಸಿ ವಾಟ್ಸ್‌ಆ್ಯಪ್‌ಗೆ ಹಾಕಿದಾಗ ಅದರ ನಿಜರೂಪ ಹೊರಬೀಳುತ್ತದೆ. ‘ಕೆರೆ’ ಎಂಬ ಪುಟ್ಟ ಪದ ಹೀಗಾಗುತ್ತದೆ:

```
%e0%b2%95%e0%b3%86%e0%b2%b0%e0%b3%86
```

ಕಂಪ್ಯೂಟರಿನ ಲೆಕ್ಕದಲ್ಲಿ ಕ, ಎತ್ವ, ರ, ಎತ್ವ ಎಂದು ನಾಲ್ಕು ಸಂಕೇತ, ಒಂದೊಂದಕ್ಕೆ ಒಂಬತ್ತು ಅಕ್ಷರ, ಒಟ್ಟು 36. ವಿಳಾಸದ ಈ ಭಾಗಕ್ಕೆ ವರ್ಡ್‌ಪ್ರೆಸ್ ಕೊಡುವ ಮಿತಿ 200. ಅಂದರೆ ಇಪ್ಪತ್ತೆರಡು ಸಂಕೇತ ದಾಟಿದರೆ ಶೀರ್ಷಿಕೆ ನಡುವೆಯೇ ತುಂಡಾಗುತ್ತದೆ. ಗುಂಪಿನಲ್ಲಿ ಇಂಥ ಗೀಚು ನೋಡಿದವರು ಇದೇನೋ ವೈರಸ್ಸು ಎಂದು ಮುಟ್ಟುವುದಿಲ್ಲ. ಮದ್ದು ಇಲ್ಲೂ ಅದೇ: ಪ್ರಕಟಿಸುವ ಮುನ್ನ Slug ಅಥವಾ Link ಎಂದಿರುವ ಕಡೆ ಇಂಗ್ಲಿಷ್ ಅಕ್ಷರದಲ್ಲಿ ಎರಡು ಪದ.

## ಸಬ್‌ಸ್ಟ್ಯಾಕ್: ಲೇಖನಕ್ಕಿಂತ ಪತ್ರಕ್ಕೆ ಹತ್ತಿರ

2017ರಲ್ಲಿ ಶುರುವಾದ ಸಬ್‌ಸ್ಟ್ಯಾಕ್ ಮೂಲತಃ ಇಮೇಲ್ ಪತ್ರಿಕೆಯ ವ್ಯವಸ್ಥೆ. ಒಮ್ಮೆ Publish ಒತ್ತಿದರೆ ಲೇಖನ ತಾಣದಲ್ಲೂ ನಿಲ್ಲುತ್ತದೆ, ಚಂದಾದಾರರ ಇಮೇಲಿಗೂ ಹೋಗುತ್ತದೆ. ಉಚಿತವಾಗಿ ಬರೆಯುವವರಿಂದ ಏನೂ ಕೇಳುವುದಿಲ್ಲ. ಓದುಗರಿಂದ ಹಣ ಪಡೆದರೆ ಮಾತ್ರ ಹತ್ತು ಶೇಕಡಾ ಅವರದು. ಆ ಹಣ ಬರುವುದು ಸ್ಟ್ರೈಪ್ ಎಂಬ ಸಂಸ್ಥೆಯ ಮೂಲಕ. 2024ರಿಂದ ಸ್ಟ್ರೈಪ್ ಭಾರತದಲ್ಲಿ ಹೊಸ ಖಾತೆಗಳನ್ನು ಆಹ್ವಾನವಿದ್ದವರಿಗೆ ಮಾತ್ರ ತೆರೆಯುತ್ತಿದೆ. ಹಾಗಾಗಿ ಸಬ್‌ಸ್ಟ್ಯಾಕ್‌ನಿಂದ ಸಂಪಾದನೆ ಎಂಬ ಆಸೆಯಿಂದ ಅದನ್ನು ಆರಿಸಬೇಡಿ.

ಬರೆಯುವ ಪುಟ ಮೂರರಲ್ಲಿ ಇದರದ್ದೇ ಅತ್ಯಂತ ಸರಳ. ಥೀಮ್ ಆರಿಸುವ, ಅಂಚಿನಲ್ಲಿ ಏನೇನೋ ಜೋಡಿಸುವ ಗೋಜಿಲ್ಲ. ಓದುಗರ ಪಟ್ಟಿ ನಿಮ್ಮ ಕೈಯಲ್ಲೇ ಇರುತ್ತದೆ, ಬೇಕಾದಾಗ ಲೇಖನಗಳೊಂದಿಗೆ ಅದನ್ನೂ ಇಳಿಸಿಕೊಳ್ಳಬಹುದು. ಬೇರೆ ಕಡೆ ಹೋದರೂ ಓದುಗರು ಜೊತೆಗೇ ಬರುತ್ತಾರೆ ಎಂಬುದು ಸಣ್ಣ ಮಾತಲ್ಲ.

ಆದರೆ ಎರಡು ವಿಷಯ ಮೇಷ್ಟ್ರುಗಳನ್ನು ಕಾಡುತ್ತವೆ. ಇಮೇಲ್ ಹೋದ ಮೇಲೆ ತಿದ್ದುವಂತಿಲ್ಲ. ತಾಣದಲ್ಲಿ ತಪ್ಪು ಸರಿಮಾಡಿದರೂ ನೂರು ಜನರ ಅಂಚೆಪೆಟ್ಟಿಗೆಯಲ್ಲಿ ಕಾಗುಣಿತದ ತಪ್ಪು ಹಾಗೆಯೇ ಉಳಿಯುತ್ತದೆ. ಜೀವಮಾನವಿಡೀ ಇತರರ ಕಾಗುಣಿತ ತಿದ್ದಿದವರಿಗೆ ಇದು ಸಹಿಸಲಾಗದ ಸಂಗತಿ. ಪ್ರಕಟಿಸುವ ಮೊದಲು ಪರೀಕ್ಷೆಗೆಂದು ತಮಗೇ ಒಂದು ಇಮೇಲ್ ಕಳಿಸಿಕೊಳ್ಳುವ ಸೌಲಭ್ಯ ಅಲ್ಲಿದೆ. ಅದನ್ನು ಫೋನಿನಲ್ಲಿ ತೆರೆದು ಪೂರ್ತಿ ಓದಿ, ಆಮೇಲೆ ಕಳಿಸುವುದು ಒಳ್ಳೆಯದು.

ಇನ್ನೊಂದು ಬರಹದ ಉದ್ದದ್ದು. ಜಿಮೇಲ್ 102 ಕೆಬಿಗಿಂತ ದೊಡ್ಡ ಪತ್ರವನ್ನು ನಡುವೆ ಕತ್ತರಿಸಿ, ಉಳಿದದ್ದಕ್ಕೆ ಒತ್ತಿ ಎಂದು ತೋರಿಸುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೇಕು. ಪತ್ರದ ಚೌಕಟ್ಟಿನ ಸಂಕೇತಗಳೂ ಅದಕ್ಕೆ ಸೇರುತ್ತವೆ. ಹಾಗಾಗಿ ಇಂಗ್ಲಿಷಿನವರಿಗೆ ತಡವಾಗಿ ತಾಗುವ ಮಿತಿ ಕನ್ನಡದ ದೀರ್ಘ ಲೇಖನಕ್ಕೆ ಬೇಗ ತಾಗುತ್ತದೆ. 800 ಪದಕ್ಕೆ ಭಯವಿಲ್ಲ. ಎರಡು ಸಾವಿರ ಪದದ ಬರಹಗಳಾದರೆ ಎರಡು ಕಂತು ಮಾಡುವುದು ಕ್ಷೇಮ.

ಊರಿನ ಓದುಗರ ಕಡೆಯಿಂದ ನೋಡಿದರೆ ಮತ್ತೊಂದು ಅಡ್ಡಿ. ಲೇಖನ ಓದುತ್ತಿರುವಾಗ ಇಮೇಲ್ ಕೇಳುವ Subscribe ಪೆಟ್ಟಿಗೆ ಮೇಲೆದ್ದು ಬರುತ್ತದೆ. ಬಳಸಿ ಗೊತ್ತಿದ್ದವರು ಮುಚ್ಚಿ ಮುಂದೆ ಹೋಗುತ್ತಾರೆ. ಇಮೇಲನ್ನು ಫೋನ್ ಕೊಂಡ ದಿನ ಬಿಟ್ಟರೆ ಮತ್ತೆ ಮುಟ್ಟದವರು ಅಲ್ಲೇ ನಿಲ್ಲುತ್ತಾರೆ.

## ಯಾರಿಗೆ ಯಾವುದು

ಓದುಗರು ವಾಟ್ಸ್‌ಆ್ಯಪ್‌ನಲ್ಲಿದ್ದು, ಖರ್ಚು ಬೇಡ ಎನ್ನುವವರಿಗೆ ಬ್ಲಾಗರ್. ಹೆಚ್ಚಿನ ನಿವೃತ್ತ ಶಿಕ್ಷಕರು ಈ ಗುಂಪಿನವರೇ, ನಮ್ಮ ತಿಪಟೂರಿನ ಮೇಷ್ಟ್ರೂ ಸಹ. ಹೊರದೇಶದ ಶಿಷ್ಯರಿಗೆಂದು ಬೇರೆಯದು ಬೇಕಿಲ್ಲ, ಅವರೂ ಅದೇ ಗುಂಪಿನಲ್ಲಿದ್ದಾರೆ.

ಓದುಗರು ದಿನವೂ ಇಮೇಲ್ ನೋಡುವ ಕೆಲಸದವರೇ ಆಗಿದ್ದು, ಮೇಷ್ಟ್ರು ಬರೆಯುವುದು ಪತ್ರದ ಧಾಟಿಯಲ್ಲಾದರೆ ಸಬ್‌ಸ್ಟ್ಯಾಕ್. ಕಾಲೇಜಿನಲ್ಲಿ ಪಾಠ ಹೇಳಿ, ಶಿಷ್ಯರೆಲ್ಲ ಬೆಂಗಳೂರು, ಪುಣೆ, ಅಮೆರಿಕ ಎಂದು ಹರಡಿರುವವರಿಗೆ ಇದು ಸರಿಹೊಂದುತ್ತದೆ.

ಲೇಖನಗಳ ಜೊತೆಗೆ ಪುಸ್ತಕಗಳ ಪುಟ, ಪರಿಚಯದ ಪುಟ, ವಿಷಯವಾರು ವಿಂಗಡಣೆ ಎಲ್ಲ ಬೇಕು, ವರ್ಷವರ್ಷ ಹಣ ಕಟ್ಟಲು ಮನೆಯಲ್ಲಿ ಒಬ್ಬರು ಖಚಿತವಾಗಿ ಇದ್ದಾರೆ ಎಂದರೆ wordpress.comನ ಹಣ ಕಟ್ಟುವ ಖಾತೆ. ಇಲ್ಲಿ ಎಚ್ಚರ ಬೇಕಾದ್ದು ಪಾವತಿಯ ಕಡೆ. ಹೊಸ ಬ್ಯಾಂಕ್ ಕಾರ್ಡುಗಳಲ್ಲಿ ಅಂತರರಾಷ್ಟ್ರೀಯ ವಹಿವಾಟು ಮೊದಲು ಮುಚ್ಚಿಯೇ ಇರುತ್ತದೆ. ತಾನಾಗಿ ಹಣ ಕಡಿತವಾಗುವ ವ್ಯವಸ್ಥೆಗೂ ರಿಸರ್ವ್ ಬ್ಯಾಂಕಿನ ನಿಯಮದಂತೆ ಮೊದಲೇ ಒಪ್ಪಿಗೆ ದಾಖಲಾಗಿರಬೇಕು. ಕಡಿತ ತಪ್ಪಿದ್ದನ್ನು ತಿಳಿಸುವ ಇಮೇಲ್ ಯಾರೂ ನೋಡದ ಪೆಟ್ಟಿಗೆಗೆ ಬಿದ್ದರೆ ಹೆಸರು ಕೈಬಿಡುತ್ತದೆ. ಉಚಿತ ವಿಳಾಸದಲ್ಲಿ ಬರಹ ಉಳಿದರೂ, ಸ್ವಂತ ಹೆಸರನ್ನು ಬೇರೊಬ್ಬರು ಕೊಳ್ಳಬಹುದು.

ಸ್ವಂತ ಹೆಸರು ಬೇಕು, ಆದರೆ ಅಷ್ಟು ಖರ್ಚು ಬೇಡ ಎನ್ನುವವರಿಗೆ ನಡುವಿನ ದಾರಿಯೂ ಇದೆ. ಹೆಸರನ್ನು ಮಾತ್ರ ಕೊಂಡು ಬ್ಲಾಗರ್‌ಗೆ ಜೋಡಿಸಬಹುದು, ಜೋಡಿಸಲು ಗೂಗಲ್ ಹಣ ಕೇಳುವುದಿಲ್ಲ. ಹೆಸರು ಮಾರುವವರ ತಾಣದಲ್ಲಿ ಎರಡು ಸಾಲು ದಾಖಲೆ ಸೇರಿಸುವ ಕೆಲಸ ಒಂದು ಸಲ ಇರುತ್ತದೆ, ಮಕ್ಕಳು ಮಾಡಿಕೊಡಲಿ. ಮೊದಲ ವರ್ಷದ ರಿಯಾಯಿತಿ ದರ ನೋಡಿ ಕೊಳ್ಳಬೇಡಿ, ನವೀಕರಣದ ದರ ಕೇಳಿ.

ಇನ್ನೂ ಮನಸ್ಸು ಹೊಯ್ದಾಡುತ್ತಿದ್ದರೆ ಒಂದು ಅಂಶ ನೆರವಾಗಬಹುದು. ಬ್ಲಾಗರ್‌ನಿಂದ ಇಳಿಸಿಕೊಂಡ ಕಡತವನ್ನು ವರ್ಡ್‌ಪ್ರೆಸ್ ನೇರವಾಗಿ ಒಳಗೆ ತೆಗೆದುಕೊಳ್ಳುತ್ತದೆ. ವರ್ಡ್‌ಪ್ರೆಸ್‌ನಿಂದ ಬ್ಲಾಗರ್‌ಗೆ ಅಷ್ಟು ಸಲೀಸು ದಾರಿ ಇಲ್ಲ. ಆದ್ದರಿಂದ ಬ್ಲಾಗರ್‌ನಿಂದ ಶುರುಮಾಡಿದವರಿಗೆ ಮುಂದಿನ ಬಾಗಿಲು ತೆರೆದೇ ಇರುತ್ತದೆ.

## ಮೇಷ್ಟ್ರ ಬ್ಲಾಗು ಕಟ್ಟುವ ದಿನ

ಕೆಲಸ ಶುರುವಾಗಬೇಕಾದ್ದು ಬ್ಲಾಗರ್‌ನಿಂದಲ್ಲ, ಜಿಮೇಲ್‌ನಿಂದ. ಎಷ್ಟೋ ಹಿರಿಯರ ಜಿಮೇಲ್ ಖಾತೆಯನ್ನು ಮೊಬೈಲ್ ಅಂಗಡಿಯ ಹುಡುಗ ಮಾಡಿಕೊಟ್ಟಿರುತ್ತಾನೆ. ಪಾಸ್‌ವರ್ಡ್ ಗೊತ್ತಿರುವುದಿಲ್ಲ, ಮರುಪಡೆಯಲು ಕೊಟ್ಟ ನಂಬರು ಎಂದೋ ಬಿಟ್ಟ ಸಿಮ್ಮಿನದು. ಫೋನು ಕೆಟ್ಟ ದಿನ ಬ್ಲಾಗಿಗೂ ಬೀಗ ಬೀಳುತ್ತದೆ. ಮೊದಲು ಪಾಸ್‌ವರ್ಡ್ ಬದಲಿಸಿ ಡೈರಿಯಲ್ಲಿ ಬರೆದಿಡಿ. ಈಗಿನ ನಂಬರು ಮತ್ತು ಮಗಳ ಇಮೇಲನ್ನು ಮರುಪಡೆಯುವ ವಿಳಾಸವಾಗಿ ಸೇರಿಸಿ. ಎರಡು ಹಂತದ ಭದ್ರತೆ ಹಾಕಿದರೆ ಹತ್ತು ತುರ್ತು ಸಂಕೇತಗಳ ಪಟ್ಟಿ ಸಿಗುತ್ತದೆ, ಅದನ್ನು ಕಾಗದದಲ್ಲಿ ಇಡಿ.

ಬ್ಲಾಗಿನ ವಿಳಾಸವನ್ನು ಯೋಚಿಸಿ ಇಡಿ. ಆಮೇಲೆ ಬದಲಿಸಲು ಬರುತ್ತದೆ, ಆದರೆ ಹಳೆಯ ಕೊಂಡಿಗಳೆಲ್ಲ ಸಾಯುತ್ತವೆ. ಫೋನಿನಲ್ಲಿ ಹೇಳಿದರೆ ಬರೆದುಕೊಳ್ಳುವಂತಿರಬೇಕು. ‘ಶಾಲೆ’ಯನ್ನು ಒಬ್ಬರು shale ಎಂದು, ಇನ್ನೊಬ್ಬರು shaale ಎಂದು ಬರೆಯುತ್ತಾರೆ, ಇಂಥ ದೀರ್ಘಾಕ್ಷರದ ಪದಗಳನ್ನು ಬಿಟ್ಟರೆ ಒಳಿತು.

ಥೀಮ್ ಯಾವುದಾದರೂ ಸರಳವಾದ್ದು ಇರಲಿ. ಆರಿಸುವ ಮೊದಲು ಒತ್ತಕ್ಷರಗಳಿರುವ ಒಂದು ಉದ್ದ ಶೀರ್ಷಿಕೆ ಹಾಕಿ ಫೋನಿನಲ್ಲಿ ನೋಡಿ. ಇಂಗ್ಲಿಷಿಗೆಂದು ಹೊಂದಿಸಿದ ಸಾಲಿನ ಅಂತರದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿಗೆ ತಾಗಬಹುದು. ತಾಗಿದರೆ ಬೇರೆ ಥೀಮ್.

ಪ್ರತಿಕ್ರಿಯೆಗಳನ್ನು ಮೇಷ್ಟ್ರು ಒಪ್ಪಿದ ಮೇಲೆ ಮಾತ್ರ ಕಾಣುವಂತೆ ಸೆಟ್ಟಿಂಗ್‌ನಲ್ಲಿ Comment moderation ಎಂಬಲ್ಲಿ Always ಆರಿಸಿ. ಇಲ್ಲದಿದ್ದರೆ ಸಾಲ ಕೊಡುತ್ತೇವೆ ಎಂಬ ಕಸ ತುಂಬುತ್ತದೆ.

ಇನ್ನು ಆ ನಲವತ್ತು ಹಳೆಯ ಲೇಖನಗಳು. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದಾದರೆ ಬ್ಲಾಗಿಗೆ ಅಂಟಿಸಿದಾಗ ‘ಕನ್ನಡ’ ಎಂಬುದು ಹೀಗೆ ಕಾಣುತ್ತದೆ:

```
PÀ£ÀßqÀ
```

ಬ್ಲಾಗಿನ ದೋಷವಲ್ಲ ಇದು. ಕಡತದಲ್ಲಿರುವುದು ಎಲ್ಲ ಫೋನು, ಕಂಪ್ಯೂಟರುಗಳೂ ಓದುವ ಯುನಿಕೋಡ್ ಅಲ್ಲ, ಇಂಗ್ಲಿಷ್ ಸಂಕೇತಗಳಿಗೆ ಕನ್ನಡದ ವೇಷ ಹಾಕಿದ ಅಕ್ಷರಶೈಲಿ. ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿಕೊಳ್ಳಬೇಕು, ಉಚಿತ ಪರಿವರ್ತಕಗಳು ಸಿಗುತ್ತವೆ. ಪರಿವರ್ತಿಸಿದ ಮೇಲೆ ಎರಡು ಕಡೆ ಕಣ್ಣಿಡಿ: ನಡುವೆ ಬಂದ SSLCಯಂಥ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿರುತ್ತವೆ, ಅರ್ಕಾವತ್ತು ಕೆಲವೆಡೆ ಜಾಗ ತಪ್ಪಿ ಕುಳಿತಿರುತ್ತದೆ. ಎಲ್ಲವನ್ನೂ ಒಂದೇ ದಿನ ಹಾಕುವ ಅವಸರ ಬೇಡ. ವಾರಕ್ಕೊಂದರಂತೆ ದಿನಾಂಕ ಕೊಟ್ಟಿಟ್ಟರೆ ನಲವತ್ತು ವಾರದ ದಾಸ್ತಾನು, ಹೊಸದು ಬರೆಯಲಾಗದ ವಾರವೂ ಓದುಗರಿಗೆ ಏನಾದರೂ ಸಿಗುತ್ತದೆ.

ವಾರದ ಕ್ರಮ ಹೀಗಿರಲಿ. ಬರೆಯುವುದು ಗೂಗಲ್ ಡಾಕ್ಸ್‌ನಲ್ಲಿ, ಅದು ತಾನಾಗಿ ಉಳಿಸಿಕೊಳ್ಳುತ್ತದೆ. ಟೈಪಿಂಗ್ ಬೇಸರವಾದರೆ ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡಿನಲ್ಲಿ ಕನ್ನಡದಲ್ಲಿ ಹೇಳಿ ಬರೆಸಬಹುದು, ಪೂರ್ಣವಿರಾಮ, ಪ್ಯಾರಾಗಳನ್ನು ಆಮೇಲೆ ಕೈಯಿಂದ ಹಾಕಿಕೊಳ್ಳಬೇಕು. ಮುಗಿದ ಮೇಲೆ ಬರೀ ಅಕ್ಷರವಾಗಿ ಬ್ಲಾಗರ್‌ಗೆ ಅಂಟಿಸಿ, ಫೋಟೊ ಸೇರಿಸಿ, ವಿಳಾಸಕ್ಕೆ ಎರಡು ಇಂಗ್ಲಿಷ್ ಪದ ಕೊಟ್ಟು, Preview ನೋಡಿ ಪ್ರಕಟಿಸುವುದು. ಕೊನೆಗೆ ಕೊಂಡಿಯನ್ನು ಗುಂಪಿಗೆ ಹಾಕುವುದು, ಜೊತೆಗೆ ಲೇಖನದ ಮೊದಲ ಎರಡು ಸಾಲು. ಈ ಹೆಜ್ಜೆಗಳನ್ನು ಒಂದು ರಟ್ಟಿನ ಮೇಲೆ ಬರೆದು ಲ್ಯಾಪ್‌ಟಾಪಿನ ಪಕ್ಕ ಇಟ್ಟರೆ ಮಗಳಿಗೆ ಫೋನ್ ಹೋಗುವುದು ಕಡಿಮೆಯಾಗುತ್ತದೆ.

ಉಳಿದದ್ದು ಮೇಷ್ಟ್ರ ಕೈಯಲ್ಲಾಗದ ದಿನಕ್ಕೆ. ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು ಎಂಬ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಆ ಖಾತೆಯಲ್ಲಿ ಲಾಗಿನ್ ಆಗಿ ಇಮೇಲ್ ನೋಡಿದರೂ, ಯೂಟ್ಯೂಬ್ ನೋಡಿದರೂ ಬಳಕೆ ಎಂದೇ ಲೆಕ್ಕ, ಹಾಗಾಗಿ ಫೋನ್ ಬಳಸುತ್ತಿರುವ ತನಕ ಭಯವಿಲ್ಲ. ಅದರಾಚೆಗೆ ಎರಡು ಏರ್ಪಾಡು ಬೇಕು. ಸೆಟ್ಟಿಂಗ್‌ನ Permissions ಭಾಗದಲ್ಲಿ ಮಗಳನ್ನು ಲೇಖಕಿಯಾಗಿ ಆಹ್ವಾನಿಸಿ, ಅವರು ಒಪ್ಪಿದ ಮೇಲೆ Admin ಎಂದು ಬದಲಿಸಿ. ಗೂಗಲ್ ಖಾತೆಯ Inactive Account Manager ತೆರೆದು, ಇಂತಿಷ್ಟು ತಿಂಗಳು ಸದ್ದಿಲ್ಲದಿದ್ದರೆ ಇಂಥವರಿಗೆ ತಿಳಿಸಿ ಎಂದು ಮಗಳ ಹೆಸರು ಕೊಡಿ. ಮೂರು ತಿಂಗಳಿಂದ ಹದಿನೆಂಟು ತಿಂಗಳವರೆಗೆ ಅವಧಿ ಆರಿಸಬಹುದು.

ಆರು ತಿಂಗಳಿಗೊಮ್ಮೆ ಸೆಟ್ಟಿಂಗ್‌ನಲ್ಲಿ Back up content ಒತ್ತಿ ಎಲ್ಲ ಬರಹ, ಪ್ರತಿಕ್ರಿಯೆಗಳ ಪ್ರತಿಯನ್ನು ಇಳಿಸಿಕೊಳ್ಳಿ. ಬರಹದ ಕಡತದೊಳಗೆ ಚಿತ್ರಗಳು ಇರುವುದಿಲ್ಲ, ಅವು ಎಲ್ಲಿವೆ ಎಂಬ ಕೊಂಡಿ ಮಾತ್ರ ಇರುತ್ತದೆ. ಆದ್ದರಿಂದ ಬ್ಲಾಗಿಗೆ ಹಾಕಿದ ಮೂಲ ಫೋಟೊಗಳನ್ನು ಬೇರೆ ಫೋಲ್ಡರಿನಲ್ಲಿ ತಿಂಗಳವಾರು ಇಟ್ಟುಕೊಂಡು, ಎರಡನ್ನೂ ಒಂದು ಪೆನ್‌ಡ್ರೈವಿಗೆ ಹಾಕಿ ಮಗಳ ಮನೆಯಲ್ಲಿ ಒಂದು ಪ್ರತಿ ಇರುವಂತೆ ನೋಡಿಕೊಳ್ಳಿ.